ಹ್ಯಾಂಡಲ್ ಬಿಡದ ಸೈಕಲ್

ಗಂಗೊಳ್ಳಿಯ ನಮ್ಮ ಮನೆಗೆ ಸಮುದ್ರ ಕಾಣುವುದಿಲ್ಲ, ಕೇಳಿಸುತ್ತದೆ. ಅಷ್ಟು ಹತ್ತಿರದಲ್ಲಿ ಕಿಟಕಿಯ ಸರಳು, ಬಾಗಿಲಿನ ಕೊಂಡಿ, ಬಾವಿಯ ರಾಟೆ ಎಲ್ಲಕ್ಕೂ ಒಂದು ಆಯುಷ್ಯ ಎಂದಿರುತ್ತದೆ. ಆದರೂ ಅಟ್ಟದ ಕೆಳಗಿನ ಕೋಣೆಯಲ್ಲಿ ಗೋಣಿ ಹೊದ್ದು ನಿಂತಿದ್ದ ದೊಡ್ಡಪ್ಪನ ಸೈಕಲ್ಲಿಗೆ ಹೆಚ್ಚೇನೂ ಆಗಿರಲಿಲ್ಲ. ಹತ್ತು ಗೇರಿನ, ಬಾಗಿದ ಹ್ಯಾಂಡಲಿನ ಇಂಗ್ಲಿಷ್ ಸೈಕಲ್ ಅದು. ದೊಡ್ಡಪ್ಪ ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದು. ತಂಗಿಯ ಮಗ ಅದನ್ನು ಹೊರಗೆಳೆದು ಒರೆಸಿ, ಟಯರು ಟ್ಯೂಬು ಹೊಸದು ಹಾಕಿಸಿ, ಬ್ರೇಕಿನ ಕೇಬಲ್ಲು ಬದಲಿಸಿ, ಎರಡೇ ದಿನದಲ್ಲಿ ಓಡುವಂತೆ ಮಾಡಿದ. ಹುಡುಗ ಆರಡಿ ಉದ್ದ, ದೊಡ್ಡಪ್ಪ ಕುಳ್ಳ. ಹ್ಯಾಂಡಲ್ ಮೂರು ಸೆಂಟಿಮೀಟರ್ ಮೇಲೆ ಬಂದರೆ ಬೆನ್ನು ನೋಯುವುದಿಲ್ಲ ಎಂದ.

‘ಮಾವ, ಒಂದು ಬೋಲ್ಟ್ ಲೂಸ್ ಮಾಡಿದ್ರೆ ಆಯ್ತಲ್ಲ?’

ಆಗಬೇಕಿತ್ತು. ಆಗಲಿಲ್ಲ. ಆ ಮೂರು ಸೆಂಟಿಮೀಟರಿಗೆ ನಮಗೆ ಎಂಟು ದಿನ ಹಿಡಿಯಿತು.

ಹಳೆಯ ಸೈಕಲ್ಲುಗಳಲ್ಲಿ ಹ್ಯಾಂಡಲ್ ನಿಂತಿರುವ ರೀತಿ ಮೊದಲು ತಿಳಿದಿರಬೇಕು. ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ತುದಿಯಲ್ಲಿ ಒಂದು ಕಬ್ಬಿಣದ ಕೊಳವೆ ಇದೆ. ಅದು ಫ್ರೇಮಿನ ಮೂತಿಯೊಳಗೆ ಹಾದು, ಮೇಲೆ ಒಂದು ಕೆಳಗೆ ಒಂದು ಗುಂಡಿನ ಬೇರಿಂಗಿನ ಮೇಲೆ ತಿರುಗುತ್ತದೆ. ಆ ಕೊಳವೆಯೊಳಗೆ ಮೇಲಿನಿಂದ ಇಳಿದಿರುವುದೇ ಸ್ಟೆಮ್. ಏಳರ ಆಕಾರದಲ್ಲಿ ಮುಂದಕ್ಕೆ ಬಾಗಿ ಹ್ಯಾಂಡಲನ್ನು ಹಿಡಿದುಕೊಳ್ಳುವ ತುಂಡು. ಸ್ಟೆಮ್ಮಿನ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಉದ್ದನೆಯ ಬೋಲ್ಟ್. ಅದರ ತುದಿಯಲ್ಲಿ ಓರೆಯಾಗಿ ಕತ್ತರಿಸಿದ ಒಂದು ಲೋಹದ ಬೆಣೆ. ಬೋಲ್ಟ್ ಬಿಗಿಯಾದಂತೆ ಬೆಣೆ ಮೇಲೇರುತ್ತದೆ, ಸ್ಟೆಮ್ಮಿನ ಓರೆ ತುದಿಯ ಮೇಲೆ ಜಾರಿ ಪಕ್ಕಕ್ಕೆ ಸರಿದು ಕೊಳವೆಯ ಗೋಡೆಯನ್ನು ಒತ್ತುತ್ತದೆ. ಹಾರೆಯ ಹಿಡಿಗೆ ಬೆಣೆ ಹೊಡೆಯುವ ಉಪಾಯವೇ, ಬೋಲ್ಟಿನಿಂದ ಹೊಡೆದದ್ದು ಅಷ್ಟೆ. ನಮ್ಮ ಊರಿನ ಕಪ್ಪು ದೊಡ್ಡ ಸೈಕಲ್ಲುಗಳಲ್ಲೂ ಒಳಗಿನ ಕತೆ ಇದೇ. ಅಲ್ಲಿ ಸ್ಟೆಮ್ಮೂ ಹ್ಯಾಂಡಲೂ ಬೆಸೆದ ಒಂದೇ ತುಂಡು, ಬೆಣೆಯ ಬದಲು ಸಾಮಾನ್ಯವಾಗಿ ಕೋನು. 1990ರ ದಶಕದಿಂದೀಚೆಗೆ ಬೆಲೆಬಾಳುವ ಸೈಕಲ್ಲುಗಳಲ್ಲಿ ಈ ಏರ್ಪಾಡು ಹೋಗಿ, ಸ್ಟೆಮ್ ಕೊಳವೆಯನ್ನು ಹೊರಗಿನಿಂದ ತಬ್ಬಿ ಹಿಡಿಯುವ ಪದ್ಧತಿ ಬಂತು. ಹಾಗಾಗಿ ಇದು ಹಳೆಯ ಸೈಕಲ್ಲುಗಳ, ಅಗ್ಗದ ಸೈಕಲ್ಲುಗಳ ಕಾಯಿಲೆ.

ಸ್ಟೆಮ್ ಕದಲದಿದ್ದರೆ ಕಾರಣ ಎರಡರಲ್ಲಿ ಒಂದು. ಬೆಣೆ ಸಿಕ್ಕಿಕೊಂಡಿರಬಹುದು, ಇಲ್ಲವೇ ಸ್ಟೆಮ್ಮಿನ ಮೈಯೇ ಕೊಳವೆಗೆ ಅಂಟಿರಬಹುದು. ಎರಡಕ್ಕೂ ಮದ್ದು ಬೇರೆ. ಯಾವುದು ಎಂದು ನೋಡದೆ ಬಲ ಹಾಕುವವರೇ ಸೈಕಲ್ ಹಾಳು ಮಾಡುವವರು, ಆ ಪಟ್ಟಿಯಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ.

ಬೆಣೆಯನ್ನು ಪರೀಕ್ಷಿಸುವುದು ಸುಲಭ. ದೊಡ್ಡಪ್ಪನ ಸ್ಟೆಮ್ಮಿಗೆ 6 ಮಿಲಿಮೀಟರಿನ ಅಲೆನ್ ಕೀ ಹಿಡಿಸಿತು. ನಾಲ್ಕೈದು ಸುತ್ತು ಬಿಚ್ಚಿದಾಗ ಬೋಲ್ಟಿನ ತಲೆ ಸ್ಟೆಮ್ಮಿನಿಂದ ಅರ್ಧ ಸೆಂಟಿಮೀಟರಿನಷ್ಟು ಮೇಲೆದ್ದು ನಿಂತಿತು. ಅಲ್ಲಿಗೆ ನಿಲ್ಲಿಸಬೇಕು. ಪೂರ್ತಿ ಬಿಚ್ಚಿದರೆ ಬೆಣೆ ಒಳಗೆ ಅನಾಥವಾಗಿ ಉಳಿಯುತ್ತದೆ. ಒಂದೆರಡೇ ಮರೆ ಹಿಡಿದಿರುವಾಗ ಹೊಡೆದರೆ ಆ ಮರೆ ಕಿತ್ತುಹೋಗುತ್ತದೆ. ಎದ್ದು ನಿಂತ ತಲೆಯ ಮೇಲೆ ಒಂದು ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ನೇರ ಪೆಟ್ಟು. ಹೊಡೆಯುವ ಮುಂಚೆ ಚಕ್ರ ತೆಗೆದು, ಫೋರ್ಕಿನ ಹೆಗಲ ಕೆಳಗೆ ದಿಮ್ಮಿ ಕೊಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಪೆಟ್ಟು ಬೇರಿಂಗಿನ ಗುಂಡುಗಳಿಗೆ ಹೋಗಿ ಕಪ್ಪಿನಲ್ಲಿ ಸಣ್ಣ ಕುಳಿ ಬೀಳುತ್ತವೆ, ಮುಂದೆ ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕಟ್ ಕಟ್ ಎಂದು ಅದು ನೆನಪಿಸುತ್ತದೆ.

ಎರಡನೇ ಪೆಟ್ಟಿಗೆ ಬೋಲ್ಟಿನ ತಲೆ ಟಪ್ಪೆಂದು ಸ್ಟೆಮ್ಮಿಗೆ ಕೂತಿತು. ಎರಡು ಬೆರಳಲ್ಲಿ ಹಿಡಿದೆತ್ತಿದರೆ ಮೇಲೆ ಬಂತು, ಬಿಟ್ಟರೆ ಬಿತ್ತು. ಅಂದರೆ ಬೆಣೆ ಬಿಟ್ಟಿದೆ. ಹತ್ತರಲ್ಲಿ ಏಳೆಂಟು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ ಎಂದು ಸೈಕಲ್ ಶಾಪಿನವರು ಹೇಳುವುದನ್ನು ಕೇಳಿದ್ದೇನೆ. ನಮ್ಮದು ಮುಗಿಯಲಿಲ್ಲ. ಹ್ಯಾಂಡಲ್ ಎಳ್ಳಷ್ಟೂ ಅಲುಗಲಿಲ್ಲ. ಹುಡುಗ ಚಕ್ರ ಮತ್ತೆ ಹಾಕಿ, ಅದನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಹ್ಯಾಂಡಲನ್ನು ತಿರುಚಿದ. ತಿರುಗಿದಂತೆ ಕಂಡಿತು! ಬಿಟ್ಟಾಗ ಸ್ಪ್ರಿಂಗಿನಂತೆ ಹಿಂದಕ್ಕೆ ಬಂತು. ತಿರುಚಿದ್ದು ಸ್ಟೆಮ್ ಅಲ್ಲ, ಫೋರ್ಕಿನ ಕಾಲುಗಳು ಮತ್ತು ರಿಮ್ಮು. ಇನ್ನೊಂದು ಸಲ ಜೋರು ಮಾಡಿದ್ದರೆ ಸೊಟ್ಟಗಾಗಿಯೇ ಉಳಿಯುತ್ತಿದ್ದವು. ನಿಲ್ಲಿಸು ಮಾರಾಯ ಎಂದೆ.

ಒಳಗೆ ಆಗಿರುವುದೇನು? ಸ್ಟೆಮ್ ಅಲ್ಯೂಮಿನಿಯಂ, ಕೊಳವೆ ಉಕ್ಕು. ಎರಡರ ನಡುವಿನ ಸಂದಿಗೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಎರಡರಲ್ಲಿ ಅಲ್ಯೂಮಿನಿಯಂ ಹೆಚ್ಚು ಚುರುಕಿನ ಲೋಹ, ಆದ್ದರಿಂದ ಕರಗುವ ಸರದಿ ಅದರದ್ದು. ಉಕ್ಕು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಉಪ್ಪಿಗೆ ಸಮುದ್ರದ ಗಾಳಿಯೇ ಬೇಕೆಂದಿಲ್ಲ. ಸೈಕಲ್ ತುಳಿಯುವವನ ಹಣೆಯ ಬೆವರು ನೇರವಾಗಿ ಬೀಳುವ ಜಾಗ ಈ ಸ್ಟೆಮ್ಮಿನ ಬುಡ. ಸ್ಟೆಮ್ ಒಳಗಿಳಿಯುವ ಕಡೆ, ಮೇಲಿನ ನಟ್ಟಿನ ಸುತ್ತ ಇರುವ ಸಂದಿಗೆ ಮುಚ್ಚಳವೇನೂ ಇಲ್ಲ. ಬಿದ್ದದ್ದು ಒಳಗಿಳಿಯುತ್ತದೆ, ಇಳಿದದ್ದು ಒಣಗುವುದಿಲ್ಲ.

ಕರಗಿದ ಅಲ್ಯೂಮಿನಿಯಂ ಎಲ್ಲಿಗೂ ಹೋಗುವುದಿಲ್ಲ ಎಂಬುದೇ ಇಲ್ಲಿನ ಕಿತಾಪತಿ. ಅದು ನೀರಿನೊಂದಿಗೆ ಸೇರಿ ಬಿಳಿ ಪುಡಿಯಾಗುತ್ತದೆ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಮೂಲ ಲೋಹಕ್ಕಿಂತ ಆ ಪುಡಿಗೆ ಸುಮಾರು ಮೂರು ಪಟ್ಟು ಜಾಗ ಬೇಕು. ಸ್ಟೆಮ್ಮಿಗೂ ಕೊಳವೆಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದಿ, 0.05 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಲೋಹ 0.025 ಮಿಲಿಮೀಟರಿನಷ್ಟು ಸವೆದರೆ ಅದರ ಜಾಗದಲ್ಲಿ 0.075 ಮಿಲಿಮೀಟರಿನ ಪುಡಿ ಹುಟ್ಟಿ ಆ ಸಂದಿ ತುಂಬಿಹೋಗುತ್ತದೆ. ಆಮೇಲೆ ಹುಟ್ಟುವ ಪ್ರತಿ ಕಣವೂ ಗೋಡೆಯನ್ನು ಒತ್ತುತ್ತಲೇ ಹುಟ್ಟಬೇಕು. ಅಂದರೆ ಸ್ಟೆಮ್ ಅಂಟಿದ್ದಲ್ಲ, ಊದಿಕೊಂಡದ್ದು. ಮಳೆಗಾಲದಲ್ಲಿ ಮರದ ಬಾಗಿಲು ಚೌಕಟ್ಟಿನೊಳಗೆ ಸೇರಿಕೊಂಡು ಕೂರುತ್ತದಲ್ಲ, ಹಾಗೆ. ಬಾಗಿಲು ಬೇಸಿಗೆಗೆ ಬಿಡುತ್ತದೆ, ಇದು ಬಿಡುವುದಿಲ್ಲ. ಹೀಗೆ ಹಿಡಿದುಕೊಂಡ ಮೈಯೇನೂ ಸಣ್ಣದಲ್ಲ. ಸ್ಟೆಮ್ಮಿನ ಅಡ್ಡಳತೆ 22.2 ಮಿಲಿಮೀಟರ್, ಒಳಗಿಳಿದಿರುವ ಉದ್ದ ಆರೂವರೆ ಸೆಂಟಿಮೀಟರ್ ಎಂದರೆ 45 ಚದರ ಸೆಂಟಿಮೀಟರ್ ಆಯಿತು; ಒಂದು ಇಸ್ಪೀಟು ಎಲೆಗಿಂತ ತುಸು ಕಡಿಮೆ.

ಸೋಮವಾರ ಸೈಕಲನ್ನು ನೂಕಿಕೊಂಡು ಬಂದರಿನ ದಾರಿಯಲ್ಲಿರುವ ಸಾಯ್ಬರ ಶಾಪಿಗೆ ಹೋದೆವು. ನಲವತ್ತು ವರ್ಷದಿಂದ ಅದೇ ಕಟ್ಟೆಯ ಮೇಲೆ ಕೂತವರು. ಬೋಲ್ಟನ್ನು ಎತ್ತಿ ಇಳಿಸಿ ನೋಡಿದರು, ನಟ್ಟಿನ ಸುತ್ತ ಉಗುರಿನಿಂದ ಕೆರೆದರು. ಸುಣ್ಣದಂಥ ಬಿಳಿ ಪುಡಿ ಉದುರಿತು.

‘ಕಬ್ಬಿಣಕ್ಕೆ ಕಬ್ಬಿಣ ಹಿಡಿದದ್ದಾದ್ರೆ ಎಣ್ಣೆ ಮಾತು ಕೇಳ್ತದೆ ಮಾರಾಯ್ರೆ. ಇದು ಅಲ್ಯೂಮಿನಿ. ಇದಕ್ಕೆ ಎಣ್ಣೆ ಕೊಟ್ರೂ ಕುಡಿಯೂದಿಲ್ಲ.’

ಇದರಲ್ಲಿ ಅನುಭವವೂ ಇದೆ, ವಿಜ್ಞಾನವೂ ಇದೆ. ಕಬ್ಬಿಣದ ತುಕ್ಕು ಪದರ ಪದರವಾಗಿ ಸಡಿಲವಾಗಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಅದರೊಳಗೆ ದಾರಿ ಮಾಡಿಕೊಳ್ಳುತ್ತದೆ. ಒತ್ತಿ ತುಂಬಿದ ಅಲ್ಯೂಮಿನಿಯಂ ಪುಡಿಯಲ್ಲಿ ಆ ದಾರಿ ಕಡಿಮೆ, ಕರಗಿಸುವುದಂತೂ ಎಣ್ಣೆಯ ಕೈಲಾಗದ ಮಾತು. ಹಾಗೆಂದು ಎಣ್ಣೆ ಬೇಡವೆಂದಲ್ಲ. ಒಂದು ಸಲ ಕದಲಿದ ಮೇಲೆ ಜಾರಲು ಅದು ಬೇಕೇ ಬೇಕು. ಸಾಯ್ಬರು ಸೈಕಲನ್ನು ತಲೆಕೆಳಗು ಮಾಡಿ, ಬೋಲ್ಟನ್ನು ಪೂರ್ತಿ ಬಿಚ್ಚಿ ತೆಗೆದರು. ಬೆಣೆ ಬಿಟ್ಟಿದ್ದರಿಂದ ಈಗ ಹೆದರಿಕೆ ಇರಲಿಲ್ಲ. ಫೋರ್ಕಿನ ಹೆಗಲಿನ ಅಡಿಯಲ್ಲಿ ಕೊಳವೆಯ ಬಾಯಿ ತೆರೆದೇ ಇರುತ್ತದೆ. ಅಲ್ಲಿಂದ ಎಣ್ಣೆ ಹೊಯ್ದರೆ ಸ್ಟೆಮ್ಮಿನ ಕೆಳತುದಿಗೆ ಬಂದು ನಿಲ್ಲುತ್ತದೆ. ಮೇಲಿನ ಸಂದಿಗೆ ಮಾತ್ರ ಎಣ್ಣೆ ಹಾಕಿ ಸುಮ್ಮನಾಗುವವರಿಗೆ ಈ ಇನ್ನೊಂದು ಬಾಗಿಲು ನೆನಪೇ ಆಗುವುದಿಲ್ಲ. ಮೂರು ದಿನ, ಬೆಳಗ್ಗೆ ಒಂದು ಸಲ ಸಂಜೆ ಒಂದು ಸಲ, ಒಮ್ಮೆ ನೆಟ್ಟಗೆ ನಿಲ್ಲಿಸಿ ಮೇಲಿಂದ, ಒಮ್ಮೆ ತಲೆಕೆಳಗಾಗಿಸಿ ಕೆಳಗಿಂದ ಎಣ್ಣೆ ಬಿದ್ದಿತು.

ಗುರುವಾರ ತಿರುಚುವ ಕೆಲಸ. ಎಳೆಯುವ ಕೆಲಸವಲ್ಲ ಎಂಬುದನ್ನು ಗಮನಿಸಬೇಕು. ಸ್ಟೆಮ್ಮನ್ನು ಮೇಲಕ್ಕೆ ಎಳೆದರೆ ನಮ್ಮ ರಟ್ಟೆಯ ಬಲ ಎಷ್ಟಿದೆಯೋ ಅಷ್ಟೇ ಆ ಹಿಡಿತದ ಮೇಲೆ ಬೀಳುತ್ತದೆ. ತಿರುಚಿದರೆ ಹ್ಯಾಂಡಲೇ ಮೀಟುಗೋಲು. ಸಾಯ್ಬರು ದೊಡ್ಡಪ್ಪನ ಬಾಗಿದ ಅಲ್ಯೂಮಿನಿಯಂ ಹ್ಯಾಂಡಲನ್ನು ಬಿಚ್ಚಿ ಬದಿಗಿಟ್ಟು, ಗುಜರಿಯಿಂದ ಒಂದು ನೇರ ಸ್ಟೀಲ್ ಹ್ಯಾಂಡಲ್ ತೆಗೆದು ಸ್ಟೆಮ್ಮಿಗೆ ಬಿಗಿದರು. ಅರವತ್ತು ಸೆಂಟಿಮೀಟರ್ ಉದ್ದ, ನಡುವಿನಿಂದ ತುದಿಗೆ ಮೂವತ್ತು. ಸ್ಟೆಮ್ಮಿನ ಮೈ ಅದರ ನಡುವಿನಿಂದ 1.1 ಸೆಂಟಿಮೀಟರ್ ದೂರ. ಹಾಗಾಗಿ ಕೈಯ ಬಲ ಇಪ್ಪತ್ತೇಳು ಪಟ್ಟಾಗಿ ಪುಡಿಯ ಮೇಲೆ ಬೀಳುತ್ತದೆ. ದೊಡ್ಡಪ್ಪನ ಹ್ಯಾಂಡಲನ್ನೇ ಬಳಸಿದ್ದರೆ ಅದು ಬಗ್ಗುತ್ತಿತ್ತು. ಒಳಗೇ ಸೀಳು ಬಿಟ್ಟು ಮೇಲೆ ಏನೂ ಆಗದಂತೆ ಕಂಡಿದ್ದರೆ ಇನ್ನೂ ಕೆಟ್ಟದ್ದು.

ಆದರೆ ಅತ್ತ ಕಡೆಯಿಂದ ಹಿಡಿದುಕೊಳ್ಳುವುದು ಏನನ್ನು? ಫ್ರೇಮನ್ನು ಹಿಡಿದರೆ ಪ್ರಯೋಜನವಿಲ್ಲ. ಕೊಳವೆ ಬೇರಿಂಗಿನ ಮೇಲೆ ಆರಾಮಾಗಿ ತಿರುಗಿಬಿಡುತ್ತದೆ. ಹಿಡಿಯಬೇಕಾದ್ದು ಫೋರ್ಕನ್ನು. ಅದರಲ್ಲೂ ಚಕ್ರ ಕೂರುವ ತುದಿಯಲ್ಲಲ್ಲ, ಎರಡು ಕಾಲು ಸೇರುವ ಹೆಗಲಿನ ಹತ್ತಿರ; ಬಗ್ಗದ ಜಾಗ ಅದೊಂದೇ. ಸಾಯ್ಬರ ಹತ್ತಿರ ಇದಕ್ಕೆಂದೇ ಒಂದು ಹಲಗೆ ಇತ್ತು. ಒಂದು ಮೀಟರ್ ಉದ್ದದ ಹಲಸಿನ ಪಟ್ಟಿ, ನಡುವೆ ಹಳೇ ಟ್ಯೂಬಿನ ರಬ್ಬರು ಸುತ್ತಿದ್ದು. ಅದನ್ನು ಫೋರ್ಕಿನ ಎರಡು ಕಾಲುಗಳ ನಡುವೆ, ಹೆಗಲಿಗೆ ಒತ್ತಿಕೊಂಡು ಬಿಗಿಯಾಗಿ ತೂರಿಸಿದರು. ಸಡಿಲವಾಗಿದ್ದರೆ ಹಲಗೆಯ ಅಂಚು ಕೊಳವೆಯನ್ನು ಕುಕ್ಕಿ ತಗ್ಗು ಮಾಡುತ್ತದಂತೆ. ಹುಡುಗ ಹಲಗೆ ಹಿಡಿದ, ಸಾಯ್ಬರು ಹ್ಯಾಂಡಲ್ ಹಿಡಿದರು, ನಾನು ಫ್ರೇಮ್ ಬೀಳದಂತೆ ನಿಂತೆ. ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಹತ್ತು ನಿಮಿಷ ಹಾಗೆ ಮಾಡಿದರೂ ಅದು ಜಪ್ಪಯ್ಯ ಎನ್ನಲಿಲ್ಲ.

ಹುಡುಗನ ಫೋನಿನಲ್ಲಿ ಅಷ್ಟರಲ್ಲಿ ನೂರು ಸಲಹೆ ಬಂದು ಬಿದ್ದಿದ್ದವು. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಎಂಬುದು ಒಂದು. ಇದು ತಲೆಕೆಳಗಾದ ಸಲಹೆ. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಇಲ್ಲಿ ಒಳಗಿರುವುದು ಅಲ್ಯೂಮಿನಿಯಂ, ಹೊರಗಿರುವುದು ಉಕ್ಕು. ಎರಡನ್ನೂ ಕಾಯಿಸಿದರೆ ಹಿಡಿತ ಬಿಗಿಯಾಗುತ್ತದೆಯೇ ಹೊರತು ಬಿಡುವುದಿಲ್ಲ. ಕೊಳವೆಯನ್ನು ಮಾತ್ರ ಕಾಯಿಸೋಣವೆಂದರೆ ಅದು ಫ್ರೇಮಿನ ಮೂತಿಯೊಳಗೆ ಅಡಗಿದೆ, ಉರಿ ತಾಗುವುದು ಬಣ್ಣಕ್ಕೆ. ಸಾಲದ್ದಕ್ಕೆ ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗೆ ಕಾದು ಎಚ್ಚರಿಸುವ ಲೋಹವಲ್ಲ. ನೋಡಲು ಇದ್ದ ಹಾಗೇ ಇದ್ದು ಒಳಗೆ ಗಟ್ಟಿತನ ಕಳೆದುಕೊಂಡಿರುತ್ತದೆ. ಮತ್ತೆ ಅದೇ ಸ್ಟೆಮ್ಮಿನ ಮೇಲೆ ಭಾರ ಬಿಟ್ಟು ಇಳಿಜಾರು ಇಳಿಯುವವರ ಗುಂಡಿಗೆ ದೊಡ್ಡದು.

ತಂಪು ಮಾಡುವುದು ಮಾತ್ರ ಸರಿಯಾದ ದಿಕ್ಕು. ಒಳಗಿನದ್ದು ಹೊರಗಿನದ್ದಕ್ಕಿಂತ ಹೆಚ್ಚು ಕುಗ್ಗುತ್ತದೆ. ಗಂಗೊಳ್ಳಿಯಲ್ಲಿ ಐಸಿಗೆ ಬರವೇ? ಮೀನಿನ ಪೆಟ್ಟಿಗೆಗೆ ತುಂಬುವ ಪುಡಿ ಐಸನ್ನು ಹುಡುಗ ಒಂದು ಬಕೆಟ್ ತಂದ. ಸಾಯ್ಬರು ಮೊದಲು ಕಾದ ನೀರನ್ನು ಸ್ಟೆಮ್ಮಿನ ಕುತ್ತಿಗೆಯ ಮೇಲೆ ಐದು ನಿಮಿಷ ಹೊಯ್ದರು.

‘ಬಿಸಿ ಮಾಡಿದ್ರೆ ಬಿಗಿಯಾಗ್ತದಲ್ವಾ ಸಾಯ್ಬ್ರೆ?’ ಎಂದೆ.

‘ಬಿಗಿಯಾಗ್ಲಿ. ಬಿಗಿಯಾದ್ರೆ ಒಳಗಿನ ಸುಣ್ಣ ಜಜ್ಜಿ ಹೋಗ್ತದೆ. ಆಮೇಲೆ ಐಸ್ ಇಟ್ರೆ ಅದಕ್ಕೆ ಜಾಗ ಬೇಕಲ್ಲ?’

ಐಸಿಗೆ ಕಲ್ಲುಪ್ಪು ಬೆರೆಸಿ, ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸ್ಟೆಮ್ಮಿನ ಸುತ್ತ ಸುತ್ತಿದೆವು. ಉಪ್ಪು ಬೆರೆತ ಐಸು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಚೀಲ ಎರಡು ಏಕೆಂದರೆ ಉಪ್ಪುನೀರು ಒಳಗಿಳಿದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಅರ್ಧ ಗಂಟೆ ಐಸು, ಮತ್ತೆ ಬಿಸಿನೀರು, ಮತ್ತೆ ಐಸು, ಹೀಗೆ ಮೂರು ಸಲ. ಪ್ರತಿ ಸಲ ತಣ್ಣಗಾಗುವಾಗ ಸಂದಿಗೆ ಎಣ್ಣೆ.

ಇದರಿಂದ ಸಿಗುವ ಜಾಗ ಎಷ್ಟು ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. ಬಿಸಿಗೂ ತಂಪಿಗೂ ನಡುವೆ ಎಪ್ಪತ್ತು ಡಿಗ್ರಿ ವ್ಯತ್ಯಾಸ ಇಟ್ಟುಕೊಂಡರೂ ಎರಡು ಲೋಹಗಳ ಅಡ್ಡಳತೆಯಲ್ಲಿ ಬರುವ ವ್ಯತ್ಯಾಸ ಹೆಚ್ಚೆಂದರೆ 0.017 ಮಿಲಿಮೀಟರ್. ಒಂದು ಕೂದಲಿನ ಕಾಲು ಭಾಗ. ಅಷ್ಟರಿಂದ ಸ್ಟೆಮ್ ಜಾರಿ ಹೊರಗೆ ಬರುವುದಿಲ್ಲ. ಆದರೆ ಆ ಪುಡಿ ಸುಣ್ಣದ ಗಾರೆಯ ಹಾಗೆ: ಒತ್ತಡ ತಾಳುತ್ತದೆ, ಹಿಗ್ಗಾಟ ತಾಳುವುದಿಲ್ಲ. ಮೂರು ಸಲ ಹಿಗ್ಗಿ ಕುಗ್ಗಿದರೆ ಅದರಲ್ಲಿ ಬಿರುಕು ಬೀಳುತ್ತದೆ, ತಣ್ಣಗಾಗುವಾಗ ಆ ಬಿರುಕು ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ.

ಮೂರನೆಯ ಐಸು ತೆಗೆದ ಕೂಡಲೇ ಮತ್ತೆ ಹಲಗೆ, ಮತ್ತೆ ಹ್ಯಾಂಡಲ್. ಈ ಸಲ ಒಂದೇ ಸಮನೆ ತಳ್ಳದೆ, ಸಾಯ್ಬರು ಆಚೆಗೊಂದು ಈಚೆಗೊಂದು ಸಣ್ಣ ಜರ್ಕು ಕೊಟ್ಟರು. ಏಳನೆಯದಕ್ಕೋ ಎಂಟನೆಯದಕ್ಕೋ ಒಣ ತೆಂಗಿನಕಾಯಿ ಒಡೆದಂತೆ ‘ಟಕ್’ ಎಂದಿತು.

ಫೋರ್ಕು ಮುರಿಯಿತೆಂದು ನನ್ನ ಎದೆ ಧಸಕ್ಕೆಂದಿತು. ಸಾಯ್ಬರು ನಕ್ಕರು. ಮುರಿದದ್ದು ಪುಡಿಯ ಗೋಡೆ. ತಿಳಿಯುವ ಬಗೆ ಇದು: ಲೋಹ ಬಗ್ಗಿದ್ದಾದರೆ ಸದ್ದಿಲ್ಲದೆ ಮೆತ್ತಗೆ ಸೋಲುತ್ತದೆ, ಹಿಡಿತ ಬಿಟ್ಟದ್ದಾದರೆ ಸದ್ದು ಮಾಡಿ ಬಿಡುತ್ತದೆ, ಬಿಟ್ಟ ಮೇಲೆ ಹ್ಯಾಂಡಲ್ ಹೊಸ ಜಾಗದಲ್ಲೇ ನಿಲ್ಲುತ್ತದೆ, ಸ್ಪ್ರಿಂಗಿನಂತೆ ಹಿಂದೆ ಬರುವುದಿಲ್ಲ. ನಟ್ಟಿನ ಮೇಲೂ ಸ್ಟೆಮ್ಮಿನ ಮೇಲೂ ಸೇರುವಂತೆ ಮೊದಲೇ ಎಳೆದಿದ್ದ ಪೆನ್ಸಿಲ್ ಗೀರು ಈಗ ಒಂದು ಮಿಲಿಮೀಟರ್ ತಪ್ಪಿತ್ತು.

ಇಲ್ಲಿ ಆತುರಪಟ್ಟು ಮೇಲಕ್ಕೆ ಎಳೆದರೆ ಪುಡಿ ಒಂದೆಡೆ ಗುಡ್ಡೆಯಾಗಿ ಮತ್ತೆ ಹಿಡಿಯುತ್ತದೆ. ಸುಮಾರು ಮುಕ್ಕಾಲು ಗಂಟೆ ಬರಿಯ ಆಚೆ ಈಚೆ ತಿರುಗಿಸಿದ್ದೇ. ಎಣ್ಣೆ ಬಿಡುವುದು, ತಿರುಗಿಸುವುದು, ಹೊರಬಂದ ಬೂದು ಕೆಸರನ್ನು ಬಟ್ಟೆಯಲ್ಲಿ ಒರೆಸುವುದು. ಅರ್ಧ ಸುತ್ತು ತಿರುಗುವಷ್ಟಾದ ಮೇಲೆ, ತಿರುಗಿಸುತ್ತಲೇ ಎತ್ತಿದಾಗ, ಬಾವಿಯಿಂದ ಕೊಡ ಬಂದಂತೆ ನಿಧಾನಕ್ಕೆ ಮೇಲೆ ಬಂತು. ಸ್ಟೆಮ್ಮಿನ ಮೈ ನೋಡಿದರೆ ನಡುವಿನ ಭಾಗ ಹೆಚ್ಚುಕಡಿಮೆ ಹೊಳೆಯುತ್ತಿತ್ತು. ಹಾಳಾದದ್ದು ಎರಡು ಉಂಗುರದಷ್ಟು ಜಾಗ: ಬೆವರು ಇಳಿಯುವ ಮೇಲ್ಭಾಗ, ಮತ್ತೆ ಬೆಣೆ ಕೂರುವ ಕೆಳತುದಿ. ಇಷ್ಟು ಸಾಕಾಗಿತ್ತು ಮೂವರನ್ನು ಎಂಟು ದಿನ ಕುಣಿಸಲು.

ಆಗಲೂ ಬಿಡದಿದ್ದರೆ? ಸಾಯ್ಬರ ಶಾಪಿನ ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಫೋರ್ಕು ನೇತಾಡುತ್ತಿತ್ತು. ಅದರಲ್ಲಿ ಕೊನೆಯ ಉಪಾಯ ಮಾಡಿದ್ದರು. ಸ್ಟೆಮ್ಮನ್ನು ನಟ್ಟಿನಿಂದ ಎರಡು ಬೆರಳಗಲ ಮೇಲೆ ಆಕ್ಸಾ ಬ್ಲೇಡಿನಿಂದ ಕತ್ತರಿಸಿ ಬಿಡುವುದು. ಸ್ಟೆಮ್ ಹೋಯಿತು ನಿಜ, ಆದರೆ ಅದು ಅಡ್ಡ ಇರುವವರೆಗೆ ಮೇಲಿನ ನಟ್ಟು ಹೊರಬರದು, ನಟ್ಟು ಬಾರದೆ ಫೋರ್ಕು ಫ್ರೇಮಿನಿಂದ ಇಳಿಯದು. ಕತ್ತರಿಸಿದ ಮೇಲೆ ಎಲ್ಲ ಬಿಚ್ಚಿ, ಉಳಿದ ಮೋಟನ್ನು ಒಳಗಿನಿಂದ ಉದ್ದಕ್ಕೆ ಸೀಳಿ ಮಡಚಿ ತೆಗೆಯಬಹುದು. ಸೀಳುವಾಗ ಬ್ಲೇಡು ಅಲ್ಯೂಮಿನಿಯಂ ದಾಟಿ ಉಕ್ಕಿಗೆ ತಾಗಿದ್ದು ಕೈಗೆ ತಿಳಿಯುತ್ತದೆ; ಮೆತ್ತಗೆ ಹೋಗುತ್ತಿದ್ದ ಬ್ಲೇಡು ಕಿರ್ರೆನ್ನುತ್ತದೆ. ಅಲ್ಲಿ ನಿಲ್ಲಿಸದಿದ್ದರೆ ಫೋರ್ಕೂ ಹೋಯಿತು.

ಅದಕ್ಕೂ ಬಗ್ಗದಿದ್ದರೆ ಕಾಸ್ಟಿಕ್ ಸೋಡಾ. ಇಲ್ಲಿ ಒಂದು ಮಾತು. ಹಳೆಯ ಸೈಕಲ್ಲುಗಳ ವಿಷಯದಲ್ಲಿ ಜಗತ್ತೇ ಕಿವಿಗೊಡುತ್ತಿದ್ದ ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ (1944–2008), ಇಂಥ ಅಲ್ಯೂಮಿನಿಯಂ ಹಿಡಿತಕ್ಕೆ ಎಣ್ಣೆ ನಿಷ್ಪ್ರಯೋಜಕ, ಅಮೋನಿಯಾ ಹಾಕಿ ಎಂದು ಬರೆದಿದ್ದರು. ಅನೇಕರಿಗೆ ಅದು ಫಲಿಸಿದೆ ಎನ್ನುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಮಾತ್ರ ಒಂದು ಅನುಮಾನ ಬರಬೇಕು. ಲವಣ ಪರೀಕ್ಷೆಯ ಪ್ರಾಕ್ಟಿಕಲ್ಲಿನಲ್ಲಿ ಅಮೋನಿಯಾ ದ್ರಾವಣ ಹಾಕಿದಾಗ ಬಿಳಿ ಲೋಳೆಯಂತೆ ತಳಕ್ಕೆ ಕೂರುತ್ತಿದ್ದದ್ದು ಇದೇ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅದು ಅಮೋನಿಯಾದಲ್ಲಿ ಕರಗುತ್ತಿರಲಿಲ್ಲ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಕರಗಿಬಿಡುತ್ತಿತ್ತು. ಸೋಡಿಯಂ ಹೈಡ್ರಾಕ್ಸೈಡ್ ಎಂದರೆ ಇದೇ ಕಾಸ್ಟಿಕ್ ಸೋಡಾ. ಅಮೋನಿಯಾದಿಂದ ಬಿಟ್ಟವರದ್ದು ನೆಂದು, ತಿರುಚಿ ಬಿಟ್ಟದ್ದು ಎಂದು ನನ್ನ ಲೆಕ್ಕ.

ಕಾಸ್ಟಿಕ್ ಸೋಡಾ ಪುಡಿಯನ್ನಷ್ಟೇ ಅಲ್ಲ, ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಫೋರ್ಕಿನ ಕೊಳವೆಯ ಕೆಳಬಾಯಿಗೆ ರಬ್ಬರ್ ಬಿರಡೆ ಹಾಕಿ, ನೆಟ್ಟಗೆ ಪ್ಲಾಸ್ಟಿಕ್ ಬಕೆಟಿನಲ್ಲಿ ನಿಲ್ಲಿಸಿ, ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಕೊಳವೆಯೊಳಗೆ ಬಿಡುತ್ತಾರೆ. ಅದು ಕುದಿಯುವಂತೆ ನೊರೆಯೇಳುತ್ತದೆ, ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಹೊರಬರುವ ಗಾಳಿ ಹೈಡ್ರೋಜನ್. ಹತ್ತಿರ ಬೀಡಿಯ ಕಿಡಿ ಸಹ ಇರಬಾರದು. ನೊರೆ ನಿಂತಾಗ ಹಳೆಯದನ್ನು ಚೆಲ್ಲಿ ಹೊಸದು ಹಾಕಬೇಕು, ಪೂರ್ತಿ ಕರಗಲು ಒಂದೆರಡು ದಿನವೇ ಹಿಡಿಯಬಹುದು. ಅಂಗಳದಲ್ಲೇ ಮಾಡಬೇಕು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಹೊಯ್ಯಬಾರದು. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ರಬ್ಬರ್ ಗವಸು ಇಲ್ಲದೆ ಹತ್ತಿರ ಹೋಗಬಾರದು. ಒಂದು ಹನಿ ಸಾಕು ಕಣ್ಣು ಹೋಗಲು. ಫೋರ್ಕಿನ ಬಣ್ಣವಂತೂ ಹೋಗಿಯೇ ಹೋಗುತ್ತದೆ. ಮೂಲೆಯಲ್ಲಿ ನೇತಾಡುತ್ತಿದ್ದ ಫೋರ್ಕು ಬತ್ತಲೆಯಾಗಿದ್ದದ್ದು ಅದಕ್ಕೇ.

ನಮ್ಮ ಫೋರ್ಕಿನ ಬಣ್ಣ ಉಳಿಯಿತು. ಕೋಲಿಗೆ ಎಮ್ರಿ ಪೇಪರ್ ಸುತ್ತಿ ಕೊಳವೆಯ ಒಳಗನ್ನು ಉಜ್ಜಿ, ಟಾರ್ಚು ಬಿಟ್ಟು ನೋಡಿದೆವು. ಬೆಣೆ ಒತ್ತುವ ಜಾಗದಲ್ಲಿ ಕೊಳವೆ ಉಬ್ಬಿಲ್ಲ, ಸೀಳಿಲ್ಲ. ಬೋಲ್ಟನ್ನು ಮಿತಿಮೀರಿ ಬಿಗಿದ ಸೈಕಲ್ಲುಗಳಲ್ಲಿ ಆ ಉಬ್ಬು ಹೊರಗಿನ ನಟ್ಟಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದಂತೆ. ಸ್ಟೆಮ್ಮಿನ ಮೇಲಿನ ಕುಳಿಗಳನ್ನು ಉಗುರಿನಿಂದ ತಡವಿದ ಸಾಯ್ಬರು, ಆಳವಿಲ್ಲ, ನಡೆಯುತ್ತದೆ ಎಂದರು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಗುಜರಿಗೆ. ಮೈತುಂಬ ಗ್ರೀಸು ಬಳಿದರು. ಬೆಣೆಗೂ ಬೋಲ್ಟಿನ ಮರೆಗೂ ಬಳಿದರು. ಗ್ರೀಸು ಹಾಕಿದರೆ ಹ್ಯಾಂಡಲ್ ಜಾರುವುದಿಲ್ಲವೇ ಎಂದು ಹುಡುಗ ಕೇಳಿದ. ಬೆಣೆಯ ಒತ್ತಡಕ್ಕೆ ಗ್ರೀಸು ಪಕ್ಕಕ್ಕೆ ಸರಿಯುತ್ತದೆ, ಉಳಿದ ಕಡೆ ನೀರು ಬಾರದಂತೆ ನಿಲ್ಲುತ್ತದೆ.

ಹೊಸ ಎತ್ತರಕ್ಕೆ ನಿಲ್ಲಿಸುವಾಗ ಮತ್ತೊಂದು ತಕರಾರು. ಸ್ಟೆಮ್ಮಿನ ಮೇಲೆ ಒಂದು ಗೆರೆ ಕೊರೆದಿರುತ್ತದೆ, ಅದು ಹೊರಗೆ ಕಾಣುವಷ್ಟು ಮೇಲೆ ಎಳೆಯಬಾರದೆಂದು. ಗೆರೆ ಮೇಲೆ ಬಂದರೆ ಬೆಣೆ ಕೊಳವೆಯ ಮರೆ ಕೊರೆದ ಭಾಗಕ್ಕೆ ಬರುತ್ತದೆ. ಕೊಳವೆ ತೆಳುವಾಗಿರುವ ಜಾಗ ಅದು, ಒತ್ತಿದರೆ ಅಲ್ಲೇ ಸೀಳುತ್ತದೆ. ಮೂರು ಸೆಂಟಿಮೀಟರ್ ಎತ್ತಿದಾಗ ಗೆರೆ ನಾಲ್ಕು ಮಿಲಿಮೀಟರ್ ಹೊರಗೆ ಕಂಡಿತು. ಸಾಯ್ಬರು ಅಲೆನ್ ಕೀ ಕೆಳಗಿಟ್ಟರು. ಹುಡುಗ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ತಾನೇ ಹ್ಯಾಂಡಲನ್ನು ಗೆರೆ ಮುಳುಗುವಷ್ಟು ಕೆಳಗೆ ಒತ್ತಿದ. ಬೋಲ್ಟ್ ಬಿಗಿದು, ಚಕ್ರವನ್ನು ಮೊಣಕಾಲಲ್ಲಿ ಹಿಡಿದು ಹ್ಯಾಂಡಲ್ ತಿರುಚಿದರು. ಸಾಮಾನ್ಯ ಬಲಕ್ಕೆ ಅಲುಗಲಿಲ್ಲ, ತುಂಬ ಜೋರು ಮಾಡಿದಾಗ ಚೂರು ಸರಿಯಿತು.

‘ಇಷ್ಟೇ ಇರ್ಬೇಕು. ಬಿದ್ರೆ ಹ್ಯಾಂಡಲ್ ತಿರುಗ್ಬೇಕು, ಫೋರ್ಕ್ ಅಲ್ಲ,’ ಎಂದರು ಸಾಯ್ಬರು. ಆಮೇಲೆ ಹುಡುಗನಿಗೆ, ‘ಮಳೆ ಶುರುವಾಗೂ ಮುಂಚೆ ಬಾ. ಬಿಚ್ಚಿ ಗ್ರೀಸ್ ಹಾಕಿ ಕೊಡ್ತೇನೆ. ಹತ್ತು ನಿಮಿಷ.’